ಕಣ್ಣು-ಬಾಯಿ ಮಾತ್ರ ಬೇರೆ ಫ್ರೇಮಿಂದ ತಂದು ಕೂರ್ಸಿದ್ರೆ ಅಂಟ್ಸಿದಂಗೆ ಕಾಣೋದ್ಯಾಕೆ, ಎಲ್ಲಿಂದ ಹುಡುಕ್ಬೇಕು

ಮಂಡ್ಯದಲ್ಲಿ ಆಲ್ಬಂ ಕೆಲ್ಸ ಮಾಡೋ ನನ್ನಂಥೋರಿಗೆ ಮದುವೆ ಸೀಸನ್ನಲ್ಲಿ ಬರೋ ಮಾಮೂಲಿ ತಲೆನೋವು ಇದು. ಗ್ರೂಪ್ ಫೋಟೋದಲ್ಲಿ ಹದಿಮೂರು ಜನ ಚೆನ್ನಾಗಿರ್ತಾರೆ, ಹದಿನಾಲ್ಕನೇ ಅಜ್ಜಿ ಕಣ್ಣು ಮುಚ್ಚಿರುತ್ತೆ, ಪಕ್ಕದ ಫ್ರೇಮಲ್ಲಿ ಅಜ್ಜಿ ಸೂಪರ್ರು ಆದ್ರೆ ಮದುಮಗನೇ ಆಕಳಿಸ್ತಿರ್ತಾನೆ. ಸರಿ, ಅದೇ ಅಜ್ಜಿ ಕಣ್ಣು ಆ ಫ್ರೇಮಿಂದ ತಂದು ಇಲ್ಲಿ ಕೂರ್ಸೋಣ ಅಂತ ಹೋಗ್ತೀವಿ, ಐದು ನಿಮಿಷದ ಕೆಲ್ಸ ಅನ್ಕೋತೀವಿ, ಒಂದು ಗಂಟೆ ಆದ್ರೂ ಅದೇನೋ ಸರಿ ಕಾಣಲ್ಲ. ಏನು ಸರಿ ಇಲ್ಲ ಅಂತಾನೂ ಗೊತ್ತಾಗಲ್ಲ, ಸುಮ್ನೆ ಮಾಸ್ಕ್ ಉಜ್ಜುತ್ತಾ ಕೂತಿರ್ತೀವಿ.

ಅದಕ್ಕೇ ಇದನ್ನ ಲಕ್ಷಣ ನೋಡ್ಕೊಂಡು ಬರ್ದಿದೀನಿ, ಸುಲಭದ್ದು ಮೊದ್ಲು, ಕಷ್ಟದ್ದು ಆಮೇಲೆ. ನಾನು ಫೋಟೋಶಾಪಲ್ಲಿ ಮಾಡೋದು, ಲೇಯರ್ ಮಾಸ್ಕ್ ಇರೋ ಯಾವ ಸಾಫ್ಟ್‌ವೇರ್ ಆದ್ರೂ ವಿಷ್ಯ ಒಂದೇ. ಶುರು ಮಾಡೋ ಮುಂಚೆ ಒಂದೇ ಮಾತು: ಒರಿಜಿನಲ್ ಫೈಲ್ ಮೇಲೆ ಕೈ ಹಾಕ್ಬೇಡಿ, ಕಾಪಿ ಮೇಲೆ ಮಾಡಿ, ತಂದ ತುಂಡು ಬೇರೆ ಲೇಯರಲ್ಲೇ ಇರ್ಲಿ, ಅಳಿಸೋ ಬದ್ಲು ಮಾಸ್ಕ್ ಹಾಕಿ. ವಾಟ್ಸಾಪಲ್ಲಿ ಬಂದ ಫೋಟೋ ಆದ್ರೆ ಅದು ಕುಗ್ಗಿ ಕುಲಗೆಟ್ಟಿರುತ್ತೆ, ಡಾಕ್ಯುಮೆಂಟ್ ಆಗಿ ಕಳ್ಸಿ ಅಂತ ಕೇಳಿ ಇಲ್ಲಾಂದ್ರೆ ಕಾರ್ಡೇ ತರ್ಸ್ಕೊಳ್ಳಿ.

ಕಣ್ಣಿನ ಸುತ್ತ ಒಂದು ತೇಪೆ ಹಾಕಿದಂಗೆ ಕಾಣ್ತಿದೆ

ಮೊದ್ಲು ತಿಳ್ಕೋಬೇಕಾದ್ದು ಇದು ಬಣ್ಣದ ತೊಂದ್ರೆನೋ ಬೆಳಕಿನ ತೊಂದ್ರೆನೋ ಅಂತ. ಎಲ್ಲಾದ್ರ ಮೇಲೆ ಒಂದು `Black & White` ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ನೋಡಿ. ತೇಪೆ ಮಾಯ ಆಯ್ತಾ? ಹಂಗಾದ್ರೆ ಬಣ್ಣ ಮಾತ್ರ ತಪ್ಪಿದೆ. ಕಪ್ಪು-ಬಿಳುಪಲ್ಲೂ ಹಂಗೇ ಎದ್ದು ಕಾಣ್ತಿದ್ಯಾ? ಬೆಳಕು ತಪ್ಪಿದೆ, ಇಲ್ಲಾ ಅಂಚು ತಪ್ಪಿದೆ. ಹತ್ತು ಸೆಕೆಂಡಿನ ಪರೀಕ್ಷೆ ಇದು, ಇದನ್ನ ಮಾಡ್ದೆ ಸ್ಲೈಡರ್ ಎಳೆಯೋಕೆ ಹೋದ್ರೆ ಕತ್ತಲಲ್ಲಿ ಸೂಜಿ ಹುಡ್ಕಿದಂಗೆ.

ಬಣ್ಣ ಇಲ್ಲಾ ಬೆಳಕು ಅಂತ ಗೊತ್ತಾದ್ರೆ ಹಿಂದಕ್ಕೆ ಹೋಗಿ, ಎರಡೂ ಫ್ರೇಮ್‌ಗೆ ರಾ ಫೈಲಲ್ಲಿ ಒಂದೇ ವೈಟ್ ಬ್ಯಾಲೆನ್ಸು ಒಂದೇ ಎಕ್ಸ್‌ಪೋಷರ್ ಇದ್ಯಾ ನೋಡಿ. ಆಟೋ ವೈಟ್ ಬ್ಯಾಲೆನ್ಸಲ್ಲಿ ಹೊಡ್ದಿದ್ರೆ ಪಕ್ಕಪಕ್ಕದ ಫ್ರೇಮೂ ಬೇರೆ ಬೇರೆ ಇರ್ಬಹುದು. ಎರಡನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಸೆಟ್ಟಿಂಗ್ ಸಿಂಕ್ ಮಾಡಿದ್ರೆ ಅರ್ಧಕ್ಕರ್ಧ ಕೇಸು ಇಲ್ಲೇ ಮುಗ್ದೋಗುತ್ತೆ.

ಇನ್ನೂ ಇದ್ರೆ `Info` ಪ್ಯಾನೆಲ್ ತೆಗ್ದು ಕಣ್ಣಿನ ಕೆಳಗೆ ಕೆನ್ನೆ ಮೇಲೆ ಒಂದು ಜಾಗ ನೋಡಿ, ಐಡ್ರಾಪರ್‌ನ `5 by 5 Average` ಗೆ ಇಟ್ಕೊಳ್ಳಿ. ಒಂದ್ಸಲ ನನಗೆ ಕೆಳಗಿನ ಫೋಟೋದಲ್ಲಿ 182, 134, 108 ಬಂತು, ತಂದ ತುಂಡಲ್ಲಿ 190, 131, 119. ಅಂದ್ರೆ ಕೆಂಪು ನೀಲಿ ಎರಡೂ ಜಾಸ್ತಿ ಹಸಿರು ಕಮ್ಮಿ, ಮುಖಕ್ಕೆ ಮಜೆಂತಾ ಬಡ್ದಿದೆ. ಯಾಕಪ್ಪಾ ಅಂತ ನೋಡಿದ್ರೆ ಸ್ಟೇಜ್ ಹಿಂದೆ ಎಲ್‌ಇಡಿ ಗೋಡೆ, ಅದ್ರಲ್ಲಿ ಹೂ ಅರಳೋ ಗ್ರಾಫಿಕ್ಸು, ಒಂದು ಫ್ರೇಮಿಗೂ ಇನ್ನೊಂದಕ್ಕೂ ಗೋಡೆ ಬಣ್ಣವೇ ಬದಲಾಗಿದೆ. ತುಂಡಿನ ಲೇಯರ್‌ಗೆ ಮಾತ್ರ ತಗಲೋ ಹಂಗೆ ಒಂದು `Curves` ಕ್ಲಿಪ್ ಮಾಡಿ (`Ctrl+Alt+G`), ನೀಲಿನೂ ಕೆಂಪೂ ಸ್ವಲ್ಪ ಇಳ್ಸಿ, ಹಸಿರು ಒಂಚೂರು ಏರ್ಸಿ, ಅಂಕಿ ಹತ್ರ ಬರೋವರ್ಗೂ. ಆದ್ರೆ ಮುಖದ ಒಂದ್ ಕಡೆ ಮಾತ್ರ ಬಣ್ಣ ಬಡ್ದಿದ್ರೆ ಕರ್ವ್ಸಿಗೂ ಮಾಸ್ಕ್ ಹಾಕ್ಬೇಕಾಗುತ್ತೆ, ಅಷ್ಟು ಹೊತ್ತಿಗೆ ಬೇರೆ ಫ್ರೇಮ್ ಹುಡ್ಕೋದೇ ವಾಸಿ.

ಅಂಚು ಕಾಣ್ತಿದೆ, ಇಲ್ಲಾ ರೆಪ್ಪೆ ಎರಡೆರಡು ಕಾಣ್ತಿದೆ

ಎರಡೆರಡು ರೆಪ್ಪೆ ಕಾಣ್ತಿದೆ ಅಂದ್ರೆ ಮಾಸ್ಕು ಆ ಜಾಗದಲ್ಲಿ ಅರ್ಧಂಬರ್ಧ ಇದೆ, ಕೆಳಗಿನ ಮುಚ್ಚಿದ ರೆಪ್ಪೆ ಇಣುಕ್ತಿದೆ. ಮಾಸ್ಕನ್ನ `Alt` ಒತ್ತಿ ಕ್ಲಿಕ್ ಮಾಡಿದ್ರೆ ಕಪ್ಪು-ಬಿಳುಪಲ್ಲಿ ತೋರ್ಸುತ್ತೆ, ಕಣ್ಣು, ರೆಪ್ಪೆಗೂದ್ಲು, ಮೇಲಿನ ಮಡಿಕೆ ಇಷ್ಟೂ ಪೂರ್ತಿ ಬಿಳಿ ಇರ್ಬೇಕು, ಬೂದು ಬಣ್ಣ ಏನಿದ್ರೂ ಬರೀ ಚರ್ಮ ಇರೋ ಕಡೆ. ಅಂಚನ್ನ ಹುಬ್ಬಿನ ಕೆಳಗೆ, ಮೂಗಿನ ಪಕ್ಕದ ನೆರಳಲ್ಲಿ, ಕಣ್ಣಿನ ಕೆಳಗಿನ ಚೀಲ ದಾಟಿ ಹಾಯ್ಸಿದ್ರೆ ಯಾರಿಗೂ ಗೊತ್ತಾಗಲ್ಲ. ಮುಖ ಸಣ್ಣದಿರುವಾಗ ದೊಡ್ಡ ಮೆತ್ತನೆ ಬ್ರಷ್ ತಗೊಂಡ್ರೆ ಹೊಗೆ ಹೊಗೆ ಆಗುತ್ತೆ, ಎರಡು ಕಣ್ಣು ಸೇರಿ ನೂರು ಪಿಕ್ಸೆಲ್ ಇರೋ ಮುಖಕ್ಕೆ ನಾಕೈದು ಪಿಕ್ಸೆಲ್ ಮೆತ್ತಗಿದ್ರೆ ಸಾಕು.

ಧಾರೆ ಆದ್ಮೇಲಿನ ಫೋಟೋ ಆದ್ರೆ ಅಕ್ಷತೆ ನೋಡ್ಕೊಳ್ಳಿ. ಹುಬ್ಬು ಸಮೇತ ತಂದ್ರೆ ಅಲ್ಲಿ ಸಿಕ್ಕಾಕೊಂಡಿರೋ ಒಂದು ಅಕ್ಕಿಕಾಳು ಅರ್ಧ ಕತ್ತರಿಸಿದಂಗೆ ಬರುತ್ತೆ. ನಾನು ಪ್ರಿಂಟ್ ಆದ್ಮೇಲೆ ನೋಡಿದ್ದು ಅದನ್ನ.

ಬಣ್ಣ ಸರಿ, ಅಂಚು ಸರಿ, ಆದ್ರೂ ಯಾರೋ ಬೇರೆಯವ್ರ ಕಣ್ಣಿದ್ದಂಗಿದೆ

ಇದೇ ನಿಜವಾದ ಕಾಯಿಲೆ. ಹೆಚ್ಚಿನ ಜನ ಇದನ್ನ ಬಣ್ಣದ ತೊಂದ್ರೆ ಅನ್ಕೊಂಡು ಟೈಮ್ ಕಳೀತಾರೆ, ನಾನೂ ಕಳ್ದಿದೀನಿ.

ಒಂದು ವಿಷ್ಯ ಯೋಚ್ನೆ ಮಾಡಿ. ಅದೇ ಮನುಷ್ಯ, ಅದೇ ತಲೆಬುರುಡೆ. ಹೊರಗಿನ ಕಣ್ಣಂಚಿಂದ ಹೊರಗಿನ ಕಣ್ಣಂಚಿಗೆ ಇರೋ ದೂರ ನಕ್ಕರೂ ಅತ್ತರೂ ಹೆಚ್ಚುಕಮ್ಮಿ ಅಷ್ಟೇ, ಕಣ್ಣು ಮುಚ್ಚಿದ್ರೂ ಅಂಚು ಕಾಣುತ್ತೆ. ಫೋಟೋದಲ್ಲಿ ಆ ಅಳತೆ ಬದಲಾಗಿದೆ ಅಂದ್ರೆ ಕಾರಣ ಎರಡೇ, ಕ್ಯಾಮೆರಾ-ಮುಖದ ದೂರ ಇಲ್ಲಾ ಜೂಮ್ ಬದಲಾಗಿದೆ, ಇಲ್ಲಾಂದ್ರೆ ತಲೆ ತಿರುಗಿದೆ. ದೂರ ಬದಲಾಗಿದ್ರೆ `Ctrl+T` ಹೊಡ್ದು ದೊಡ್ಡದು ಮಾಡಿದ್ರೆ ಆಯ್ತು. ತಲೆ ತಿರುಗಿದ್ರೆ ಏನ್ ಎಳೆದ್ರೂ ಸರಿ ಹೋಗಲ್ಲ. ಹಂಗಾಗಿ ಅಂಟ್ಸೋ ಮುಂಚೆನೇ ಅಳೀಬೇಕು.

ಮದ್ದೂರು ಕಡೆ ಒಂದು ಮದುವೆ, ಆರು ಫ್ರೇಮ್ ಗ್ರೂಪ್ ಫೋಟೋ. ಮೂರನೇದು ಎಲ್ಲರೂ ಚೆನ್ನಾಗಿ ಬಂದಿದ್ದು, ಅಜ್ಜಿ ಮಾತ್ರ ಕಣ್ಣು ಮುಚ್ಚಿದ್ದು. ಐದನೇದ್ರಲ್ಲಿ ಅಜ್ಜಿ ಕಣ್ಣು ಏನ್ ಹೊಳೀತಿತ್ತು ಅಂತೀರಾ, ನೋಡಿದ ತಕ್ಷಣ ಅದನ್ನೇ ತಗೊಂಡೆ. ಕೂರ್ಸಿದೆ, ಬಣ್ಣ ಸರಿ ಮಾಡಿದೆ, ಅಜ್ಜಿ ಯಾಕೋ ಬೆಚ್ಚಿಬಿದ್ದೋರ ಥರ ಕಾಣ್ತಿದ್ರು. ಮುಕ್ಕಾಲು ಗಂಟೆ ಆದ್ಮೇಲೆ ರೂಲರ್ ಟೂಲ್ ತಗೊಂಡು ಅಳೆದೆ. ಹೊರಗಿನ ಅಂಚಿಂದ ಮೂಗಿನ ಸೇತುವೆ ಮಧ್ಯಕ್ಕೆ, ಎಡಕ್ಕೊಂದು ಬಲಕ್ಕೊಂದು:

```
ಫ್ರೇಮ್   ಎಡ   ಬಲ   ಒಟ್ಟು   ಎಡ ÷ ಬಲ
3        49   47   96     1.04
5        41   50   91     0.82
2        47   46   93     1.02
```

ಐದನೇ ಫ್ರೇಮಲ್ಲಿ ಎಡ-ಬಲ ಭಾಗದ ಲೆಕ್ಕವೇ ಬೇರೆ ಇದೆ ನೋಡಿ, 1.04 ಎಲ್ಲಿ 0.82 ಎಲ್ಲಿ. ಅಜ್ಜಿ ಆಗ ಪಕ್ಕದಲ್ಲಿ ನಿಂತಿದ್ದ ವಿಡಿಯೋದವ್ನ ಕಡೆ ತಲೆ ತಿರುಗ್ಸಿದ್ರು. ನಾನು ಮಾಡಿದ ದಡ್ಡತನ ಏನಂದ್ರೆ ಒಟ್ಟು 91 ಇರೋದನ್ನ 96 ಮಾಡೋಕೆ ತುಂಡನ್ನ 105.5% ದೊಡ್ಡದು ಮಾಡಿದ್ದೆ. ಆದ್ರೆ ಅಗಲ ಕಮ್ಮಿ ಆಗಿದ್ದು ತಲೆ ತಿರುಗಿದ್ರಿಂದ, ಎತ್ತರ ಕಮ್ಮಿ ಆಗಿರ್ಲೇ ಇಲ್ಲ. ಎರಡನ್ನೂ ಹಿಗ್ಗಿಸಿದಾಗ ಕಣ್ಣು ಮೇಲೆ-ಕೆಳಗೂ ಜಾಸ್ತಿ ತೆರ್ಕೊಂಡು ಬಿಡ್ತು. ಬೆಚ್ಚಿಬಿದ್ದಂಗೆ ಕಂಡಿದ್ದು ಅದಕ್ಕೇನೇ.

ಎರಡನೇ ಫ್ರೇಮು ನೋಡೋಕೆ ಸಪ್ಪೆ, ಕಣ್ಣು ಅಂಥಾ ಹೊಳಪಿಲ್ಲ, ಆದ್ರೆ 1.02. ತಲೆ ಅದೇ ಕಡೆ ಇದೆ. 96 ÷ 93 ಅಂದ್ರೆ 103.2%, ಅಷ್ಟು ಹಿಗ್ಗಿಸಿ ಕೂರ್ಸಿದೆ, ಹತ್ತು ನಿಮಿಷದಲ್ಲಿ ಅಜ್ಜಿ ಅಜ್ಜಿನೇ ಆದ್ರು. ಅಳತೆ ಒಂದೆರಡು ಪಿಕ್ಸೆಲ್ ಹೆಚ್ಚುಕಮ್ಮಿ ಆಗೇ ಆಗುತ್ತೆ, ಅದಕ್ಕೆ ತಲೆ ಕೆಡ್ಸ್ಕೋಬೇಡಿ. ಮುಖ ಈ ಸೈಜ್ ಇದ್ದಾಗ ಎರಡು ಫ್ರೇಮಿನ ಭಾಗಾಕಾರದ ವ್ಯತ್ಯಾಸ 0.05 ಒಳಗಿದ್ರೆ ನಾನು ಧೈರ್ಯವಾಗಿ ಮುಂದುವರೀತೀನಿ, 0.1 ದಾಟಿದ್ರೆ ಆ ಫ್ರೇಮ್ ಮುಚ್ಚಿ ಇಡ್ತೀನಿ. ಇದು ನನ್ನ ಕೈ ಅಂದಾಜು, ಯಾವ ಪುಸ್ತಕದ್ದೂ ಅಲ್ಲ.

ತಲೆ ಮೇಲೆ-ಕೆಳಗೆ ಆಗಿದ್ಯಾ ಅನ್ನೋದಕ್ಕೆ ಕಣ್ಣಂಚಿನ ಗೆರೆಯಿಂದ ಮೂಗಿನ ಬುಡದವರ್ಗೂ ಅಳೀರಿ, ಹಿಗ್ಗಿಸಿದ ಮೇಲೆ ಎರಡೂ ಒಂದೇ ಬರ್ಬೇಕು. ತಲೆ ಒಂದ್ ಕಡೆ ವಾಲಿರೋದು ಮಾತ್ರ ತೊಂದ್ರೆನೇ ಅಲ್ಲ, ತುಂಡನ್ನ ಅಷ್ಟು ಡಿಗ್ರಿ ತಿರುಗ್ಸಿದ್ರೆ ಆಯ್ತು. ಕೂರ್ಸುವಾಗ ಲೇಯರ್‌ನ `Difference` ಮೋಡಿಗೆ ಹಾಕಿ ಮೂಗು, ಬೊಟ್ಟು, ಮೂಗುತಿ ಇವೆಲ್ಲ ಕಪ್ಪಗೆ ಮಾಯ ಆಗೋವರ್ಗೂ ಸರಿಸಿ, ನಮ್ಮ ಹೆಣ್ಮಕ್ಕಳ ಫೋಟೋದಲ್ಲಿ ಬೊಟ್ಟಿಗಿಂತ ಒಳ್ಳೆ ಗುರುತು ಸಿಗಲ್ಲ. ಬೊಟ್ಟು ಕೂತು ಮೂಗುತಿ ಕೂರ್ತಿಲ್ಲ ಅಂದ್ರೆ ತಲೆ ತಿರುಗಿದೆ ಅಂತ ಅದೇ ಹೇಳುತ್ತೆ, ಅಳೆಯೋಕೂ ಹೋಗ್ಬೇಕಾಗಿಲ್ಲ.

ಕಣ್ಣು ಸರಿ ಕೂತಿದೆ, ನೋಟ ಮಾತ್ರ ಎಲ್ಲೋ ಇದೆ

ಮದುವೇಲಿ ಎರಡು ಕ್ಯಾಮೆರಾ ಒಂದು ವಿಡಿಯೋ, ಜೊತೆಗೆ ಮಾವ ಮೊಬೈಲ್ ಹಿಡ್ದು ನಿಂತಿರ್ತಾರೆ, ಅವ್ರವ್ರು ಅವ್ರಿಗೆ ಬೇಕಾದ ಕಡೆ ನೋಡ್ತಿರ್ತಾರೆ. ಕಣ್ಣಿನ ಕಪ್ಪು ಗುಡ್ಡೆ ಎರಡೂ ಕಡೆಯ ಬಿಳಿ ಎಷ್ಟು ಬಿಟ್ಟಿದೆ ಅಂತ ಪಕ್ಕದಲ್ಲಿರೋರ ಕಣ್ಣಿಗೆ ಹೋಲ್ಸಿ ನೋಡಿ. ಗುಡ್ಡೆ ಮಾತ್ರ ಸರಿಸೋಕೆ ಹೋಗ್ಬೇಡಿ, ಮೆಳ್ಳೆಗಣ್ಣಾಗುತ್ತೆ. ಒಂದು ಕಣ್ಣು ಒಂದು ಫ್ರೇಮಿಂದ ಇನ್ನೊಂದು ಕಣ್ಣು ಇನ್ನೊಂದ್ರಿಂದ ತರೋದೂ ಬೇಡ, ಎರಡೂ ಒಂದೇ ಫ್ರೇಮಿನ ಜೋಡಿ ಇರ್ಲಿ. ಕಣ್ಣಲ್ಲಿ ಹೊಳೆಯೋ ಲೈಟಿನ ಚುಕ್ಕಿ ಬೇರೆಯವ್ರಿಗೆಲ್ಲ ಎಡಗಡೆ ಇದ್ದು ಇವ್ರಿಗೆ ಮಾತ್ರ ಬಲಗಡೆ ಇದ್ರೆ, ವಿಡಿಯೋದವ್ನು ಲೈಟ್ ಎತ್ಕೊಂಡು ಆ ಕಡೆ ಹೋಗಿದ್ದ ಅಂತ ಅರ್ಥ, ಮುಖದ ನೆರಳೂ ತಿರುಗಿರುತ್ತೆ, ಬೇರೆ ಫ್ರೇಮ್ ನೋಡಿ.

ಬಾಯಿ ಹಾಕಿದೆ, ನಗು ಸುಳ್ಳು ನಗು ಥರ ಇದೆ

ಬಾಯಿ ಕೆಲ್ಸ ಕಣ್ಣಿಗಿಂತ ಕಷ್ಟ. ಕಣ್ಣು ಮೂಳೆ ಗೂಡಲ್ಲಿ ಕೂತಿರುತ್ತೆ, ಬಾಯಿ ಹಂಗಲ್ಲ, ಅದ್ರ ಜೊತೆ ಕೆನ್ನೆ, ಗದ್ದ ಎಲ್ಲಾ ಹೊರಡುತ್ತೆ. ನಿಜವಾಗಿ ನಕ್ಕಾಗ ಕೆನ್ನೆ ಮೇಲೆದ್ದು ಕೆಳರೆಪ್ಪೆನ ಒತ್ತುತ್ತೆ, ಕಣ್ಣಂಚಲ್ಲಿ ಗೆರೆ ಬರುತ್ತೆ, ಮೂಗಿನ ಪಕ್ಕದಿಂದ ಬಾಯಂಚಿಗೆ ಇಳಿಯೋ ಗೆರೆ ಆಳ ಆಗುತ್ತೆ. ಹಲ್ಲು ಬಿಟ್ಟು ನಗೋ ಬಾಯನ್ನ ಸುಮ್ನಿರೋ ಮುಖಕ್ಕೆ ಹಾಕಿದ್ರೆ ಮೇಲರ್ಧ ಒಂದು ಕಥೆ ಹೇಳುತ್ತೆ ಕೆಳಗರ್ಧ ಇನ್ನೊಂದು.

ಮೊದ್ಲು ಮೂಗಿನ ಬುಡದಿಂದ ಗದ್ದದ ತುದಿಗೆ ಎರಡೂ ಫ್ರೇಮಲ್ಲಿ ಅಳೀರಿ, ಸೈಜ್ ಸರಿ ಮಾಡಿದ ಮೇಲೆ. ಒಂದೇ ಇದ್ರೆ ದವಡೆ ಅಲ್ಲೇ ಇದೆ, ತುಟಿ ಸುತ್ತ ಮಾತ್ರ ತಂದ್ರೂ ನಡಿಯುತ್ತೆ. ತರೋ ಫ್ರೇಮಲ್ಲಿ ಉದ್ದ ಜಾಸ್ತಿ ಇದ್ರೆ ದವಡೆ ಕೆಳಗೆ ಇಳ್ದಿದೆ, ತುಟಿ ಮಾತ್ರ ತಂದ್ರೆ ಕೆಳತುಟಿ ಗದ್ದಕ್ಕೆ ಅಂಟ್ಕೊಂಡಂಗೆ ಆಗುತ್ತೆ, ಆಗ ಗದ್ದನೂ ಅದ್ರ ಕೆಳಗಿನ ನೆರಳೂ ಸೇರ್ಸಿ ತರ್ಬೇಕು. ಮಾಸ್ಕಿನ ಅಂಚು ಮೂಗಿನ ಪಕ್ಕದ ಆ ನಗುಗೆರೆಯ ಹೊರಗಡೆ ಹೋಗ್ಲಿ, ಮೀಸೆ ಮಧ್ಯೆ ಯಾವತ್ತೂ ಕುಯ್ಯಬೇಡಿ, ಮೀಸೆ ತಂದ್ರೆ ಪೂರ್ತಿ ತನ್ನಿ. ಮುಚ್ಚಿದ ಬಾಯಿಗೆ ಮುಚ್ಚಿದ ಬಾಯಿಯ ಸಣ್ಣ ನಗು ಹಾಕೋದು ಸುಲಭ, ಮಾತಾಡ್ತಿರೋ ಬಾಯಿ ಮುಚ್ಚಿಸೋದು ಪರ್ವಾಗಿಲ್ಲ, ಸುಮ್ನೆ ನಿಂತಿರೋರ ಮುಖಕ್ಕೆ ಗಹಗಹ ನಗು ತರೋದು ಬಿಟ್ಬಿಡಿ.

ಒಂದು ಬೀಗರೂಟದ ಫೋಟೋ. ತಾತ ಬಾಯಿ ಸೊಟ್ಟ ಮಾಡ್ಕೊಂಡಿದ್ರು, ಇನ್ನೊಂದು ಫ್ರೇಮಲ್ಲಿ ಬಾಯಿ ನೆಟ್ಟಗಿತ್ತು, ತಂದು ಹಾಕಿದೆ. ನಮ್ಮ ಹುಡುಗ ಹಿಂದೆ ನಿಂತು ನೋಡಿ "ಅಣ್ಣಾ, ತಾತಂಗೆ ಹಲ್ಲುನೋವಾ, ಒಂದ್ ಕೆನ್ನೆ ಊದಿದ್ಯಲ್ಲ" ಅಂದ. ನೋಡಿದ್ರೆ ಎಲೆ ಅಡಿಕೆ! ಮೊದಲಿನ ಫ್ರೇಮಲ್ಲಿ ತಾತ ಎಲೆ ಅಡಿಕೆನ ಎಡದವಡೆಗೆ ಒತ್ತಿಟ್ಕೊಂಡಿದ್ರು, ಬಾಯಿ ಸೊಟ್ಟ ಆಗಿದ್ದೇ ಅದಕ್ಕೆ. ಬಾಯಿ ನೆಟ್ಟಗಾಯ್ತು, ಕೆನ್ನೆ ಉಬ್ಬು ಅಲ್ಲೇ ಉಳ್ಕೊಂಡ್ತು. ಕೊನೆಗೆ ಕೆನ್ನೆನೂ ಸೇರ್ಸಿ ಕಿವಿ ಮುಂದಿನವರ್ಗೂ ತರ್ಬೇಕಾಯ್ತು. ಬಾಯಿ ಯಾಕೆ ಹಂಗಿದೆ ಅಂತ ತಿಳ್ಕೊಂಡ್ರೆ ಎಷ್ಟು ತರ್ಬೇಕು ಅಂತಾನೂ ಗೊತ್ತಾಗುತ್ತೆ.

ದೂರದಿಂದ ಚೆನ್ನಾಗಿದೆ, ಜೂಮ್ ಮಾಡಿದ್ರೆ ಆ ಜಾಗ ಮಾತ್ರ ನುಣ್ಣಗೆ ಇಲ್ಲಾ ಚೂಪಾಗಿದೆ

100% ಜೂಮಲ್ಲಿ ನೋಡಿ. ತಂದಿದ್ದು ಜಾಸ್ತಿ ಶಾರ್ಪ್ ಇದ್ರೆ, ಹಿಂದಿನ ಸಾಲಲ್ಲಿ ನಿಂತೋರಿಗೆ ಹಿಂಗಾಗೋದು ಜಾಸ್ತಿ, `Gaussian Blur` ಅರ್ಧದಿಂದ ಒಂದು ಪಿಕ್ಸೆಲ್ ಕೊಟ್ಟು ಆಮೇಲೆ `Add Noise` ಒಂದೆರಡು ಪರ್ಸೆಂಟು, `Monochromatic` ಟಿಕ್ ಮಾಡಿ. ಮೊದ್ಲು ಬ್ಲರ್ ಆಮೇಲೆ ನಾಯ್ಸ್, ಉಲ್ಟಾ ಮಾಡಿದ್ರೆ ಹಾಕಿದ ನಾಯ್ಸೂ ಕರಗೋಗುತ್ತೆ. ತಂದಿದ್ದೇ ಬ್ಲರ್ ಇದ್ದು ಮುಖ ಶಾರ್ಪ್ ಇದ್ರೆ ಅದಕ್ಕೆ ಔಷಧಿ ಇಲ್ಲ. ಆಲ್ಬಮ್ಮಿನ 12×36 ಶೀಟಿಗೆ ಹೋಗೋ ಫೋಟೋ ಆದ್ರೆ ಆ ಮುಖ ಅಲ್ಲಿ ಎಷ್ಟು ದೊಡ್ಡದಾಗಿ ಬರುತ್ತೆ ಅಂತ ಮೊದ್ಲೇ ನೋಡ್ಕೊಂಡು ಅದಕ್ಕೆ ತಕ್ಕಂತೆ ಕಷ್ಟಪಡಿ.

ಕನ್ನಡಕ ಇದೆ

ಕಣ್ಣು ಮಾತ್ರ ತಂದು ಕನ್ನಡಕದ ಒಳಗೆ ಕೂರ್ಸೋಕೆ ಹೋಗ್ಬೇಡಿ. ಗಾಜಿನ ಒಳಗೆ ಕಣ್ಣೂ ಮುಖದ ಅಂಚೂ ಪವರ್ ಇದ್ದಂಗೆ ಚಿಕ್ಕದೋ ದೊಡ್ಡದೋ ಕಾಣುತ್ತೆ, ಜೊತೆಗೆ ಫ್ಲ್ಯಾಶ್ ಪ್ರತಿಬಿಂಬ. ಕನ್ನಡಕ ಪೂರ್ತಿ, ಹುಬ್ಬಿಂದ ಕೆನ್ನೆವರ್ಗೂ ಒಂದೇ ತುಂಡಾಗಿ ತನ್ನಿ. ಕಡ್ಡಿ ಕಿವಿಗೆ ಹೋಗೋ ಜಾಗದಲ್ಲಿ ಸೇರ್ತಿಲ್ಲ ಅಂದ್ರೆ ತಲೆ ತಿರುಗಿದೆ, ನಿಲ್ಲಿಸಿ.

ಎಲ್ಲಿ ಕೈ ಬಿಡ್ಬೇಕು

ಮೂರು ಫ್ರೇಮ್ ಅಳೆದು ಮೂರೂ ಬರ್ಲಿಲ್ಲ ಅಂದ್ರೆ ಕಣ್ಣು-ಬಾಯಿ ಬಿಟ್ಟು ತಲೆ ಪೂರ್ತಿ ತರೋದು ಸುಲಭ, ಕತ್ತಿನ ಸರ, ಸೆರಗಿನ ಹತ್ರ ಸೇರ್ಸಿದ್ರೆ ಆಯ್ತು. ಅದೂ ಆಗ್ಲಿಲ್ಲ ಅಂದ್ರೆ ಈ ಕೆಲ್ಸ ದಿನಾ ಮಾಡೋ ರೀಟಚರ್‌ಗೆ ಕೊಡಿ, ಲೇಯರ್ ಇರೋ ಫೈಲು ಜೊತೆಗೆ ತೆಗ್ದಿರೋ ಎಲ್ಲಾ ಫ್ರೇಮ್ ಕೊಡಿ, ಒಂದೇ ಜೆಪಿಜಿ ಕೊಟ್ಟು ಕಣ್ಣು ತೆರ್ಸಿ ಅಂದ್ರೆ ಅವ್ರು ತಾನೇ ಏನ್ ಮಾಡ್ತಾರೆ.

ಯಾರಿಗಾದ್ರೂ ಒಂದು ರೆಪ್ಪೆ ಯಾವಾಗ್ಲೂ ಸ್ವಲ್ಪ ಜೋತಾಡ್ತಿದ್ರೆ, ಮೆಳ್ಳೆಗಣ್ಣಿದ್ರೆ ಅದು ದೋಷ ಅಲ್ಲ, ಅದು ಅವ್ರ ಮುಖ. ಮನೆಯವ್ರನ್ನ ಕೇಳ್ದೆ ಅದನ್ನ ಮುಟ್ಬೇಡಿ. ಬೇರೆ ವರ್ಷದ ಬೇರೆ ಸಮಾರಂಭದ ಫೋಟೋದಿಂದ ತಂದು ಹಾಕಿ ಅಂತ ಕೇಳಿದ್ರೂ ನಾನು ಒಪ್ಪಲ್ಲ, ವಯಸ್ಸೂ ಲೈಟೂ ಎರಡೂ ಕೂಡಲ್ಲ, ತಗೊಂಡೋದ ಮೇಲೆ ಜಗಳಕ್ಕೆ ಬರ್ತಾರೆ. ಮದುವೆ ಆಲ್ಬಂ ಆದ್ರೂ ಯಾರ ಮುಖ ತಿದ್ದಿದೀನಿ ಅಂತ ಕೊಡುವಾಗ ಹೇಳ್ತೀನಿ.

ಪಾಸ್‌ಪೋರ್ಟು, ವೀಸಾ, ಇನ್ಶೂರೆನ್ಸು, ಕೋರ್ಟಿಗೆ ಕೊಡೋ ಫೋಟೋ ಇವಕ್ಕೆ ಈ ಕೆಲ್ಸ ಮಾಡ್ಲೇಬಾರ್ದು. ಹೋದ್ ತಿಂಗ್ಳು ಒಬ್ರು ಬಂದು "ಸಾ, ಪಾಸ್‌ಪೋರ್ಟ್ ಫೋಟೋದಲ್ಲಿ ಕಣ್ಣು ಅರೆ ಮುಚ್ಚಿದೆ, ಇನ್ನೊಂದ್ರಿಂದ ತಂದು ಹಾಕ್ಬಿಡಿ" ಅಂದ್ರು. ಸ್ಟೂಲ್ ತೋರ್ಸಿ, ಕೂತ್ಕೊಳ್ಳಿ, ಇನ್ನೊಂದು ತೆಗ್ದ್‌ಬಿಡ್ತೀನಿ ಅಂದೆ, ಎರಡು ನಿಮಿಷ ಹಿಡೀಲಿಲ್ಲ.